ರಟ್ಟಿನ ಹುಡುಗಿಗೆ ಮೈ ತುಂಬಿದ ನೆರಳು

ಬ್ಲೆಂಡರ್‌ನ ಸೂರ್ಯನಿಗೆ ಹುಡುಗಿ ಕಾಣುವುದೇ ಇಲ್ಲ. ಅವನಿಗೆ ಕಾಣುವುದು ಬರೀ ಒಂದು ತೆಳು ಹಾಳೆ. ಕೈಯಲ್ಲಿ ಬರೆದ ಪಾತ್ರವನ್ನು ಕಂಪ್ಯೂಟರಿನಲ್ಲಿ ಕಟ್ಟಿದ ಮೂರು ಆಯಾಮದ ಮನೆಯೊಳಗೆ ತಂದು ನಿಲ್ಲಿಸುವವರ ಕಷ್ಟವೆಲ್ಲ ಇಲ್ಲಿಂದಲೇ ಶುರು. ನೋಡುವವರ ಪಾಲಿಗೆ ಅವಳು ಓಡಾಡುವ ಹುಡುಗಿ. ಬೆಳಕಿನ ಲೆಕ್ಕ ಹಾಕುವ ತಂತ್ರಾಂಶದ ಪಾಲಿಗೆ ಚಿತ್ರಮಂದಿರದ ಮುಂದೆ ನಿಲ್ಲಿಸಿದ ನಾಯಕನ ಕಟೌಟ್: ಎದುರಿನಿಂದ ಭರ್ಜರಿ, ಪಕ್ಕಕ್ಕೆ ಹೋಗಿ ನೋಡಿದರೆ ಬೊಂಬಿಗೆ ಕಟ್ಟಿದ ಹಲಗೆ.

ಹೀಗೆ ಎರಡನ್ನೂ ಬೆರೆಸುವ ಆಸೆ ಹಳೆಯದು. 1930ರ ದಶಕದಲ್ಲೇ ಅಮೆರಿಕದ ಫ್ಲೈಷರ್ ಸ್ಟುಡಿಯೋದವರು ಮೇಜಿನ ಮೇಲೆ ಪುಟ್ಟ ಸೆಟ್ ಕಟ್ಟಿ, ಅದರ ಮುಂದೆ ಪಾತ್ರ ಬರೆದ ಪಾರದರ್ಶಕ ಹಾಳೆ ಹಿಡಿದು ಚಿತ್ರೀಕರಿಸುತ್ತಿದ್ದರು. 1936ರಲ್ಲಿ ಬಂದ ಪಾಪಾಯ್ ಮತ್ತು ಸಿಂದಬಾದ್‌ನ ಚಿತ್ರದಲ್ಲಿ ಅದನ್ನು ನೋಡಬಹುದು. 1991ರ ‘ಬ್ಯೂಟಿ ಅಂಡ್ ದ ಬೀಸ್ಟ್’ನಲ್ಲಿ ಕುಣಿಯುವ ಜೋಡಿ ಕೈಬರಹದ್ದು, ಅವರ ಸುತ್ತ ತಿರುಗುವ ಸಭಾಂಗಣ ಕಂಪ್ಯೂಟರಿನದ್ದು. ಆ ಕಾಲದಲ್ಲಿ ಇದಕ್ಕೆ ದೊಡ್ಡ ಸ್ಟುಡಿಯೋದ ಹಣ ಬೇಕಿತ್ತು. ನೆದರ್ಲೆಂಡ್ಸ್‌ನಲ್ಲಿ ಹುಟ್ಟಿದ ಬ್ಲೆಂಡರ್ ಎಂಬ ತಂತ್ರಾಂಶ ಅದರ ಕಂಪನಿ ಮುಚ್ಚಿದಾಗ ಮುಳುಗಿಹೋಗಬೇಕಿತ್ತು. ಬಳಕೆದಾರರೇ ಏಳು ವಾರಗಳಲ್ಲಿ ಒಂದು ಲಕ್ಷ ಯೂರೊ ಕೂಡಿಸಿ ಕೊಟ್ಟರು. 2002ರ ಅಕ್ಟೋಬರಿನಿಂದ ಅದು ಮುಕ್ತ ತಂತ್ರಾಂಶ, ಎಲ್ಲರಿಗೂ ಪುಕ್ಕಟೆ. ಇವತ್ತು ಮನೆಯ ಕಂಪ್ಯೂಟರಿನಲ್ಲೇ ಈ ಕೆಲಸ ಮಾಡಬಹುದು. ಹಾಗಾಗಿ ಇದರ ಎಡವಟ್ಟುಗಳೂ ಈಗ ಮನೆಮನೆಯವು.

ಒಂದೇ ಒಂದು ದೃಶ್ಯವನ್ನು ಹಿಡಿದುಕೊಂಡು ನೋಡೋಣ. ಹಳೆಯ ಮನೆಯೊಂದರ ಜಗಲಿ. ಮುಂದಿನ ಅಂಚಿನಲ್ಲಿ ಮೂರು ಕಲ್ಲುಕಂಬ, ಹಿಂದೆ ಸುಣ್ಣ ಬಳಿದ ಗೋಡೆ. ಕ್ಯಾಮೆರಾ ಅಂಗಳದಲ್ಲಿ ನಿಂತು ಮನೆಯತ್ತ ನೋಡುತ್ತಿದೆ. ಇಳಿಹೊತ್ತಿನ ಸೂರ್ಯ ಎಡಗಡೆ ನೆಲದಿಂದ 30 ಡಿಗ್ರಿ ಎತ್ತರದಲ್ಲಿದ್ದಾನೆ. ಇದಿಷ್ಟೂ ಬ್ಲೆಂಡರ್‌ನಲ್ಲಿ ಕಟ್ಟಿದ್ದು. 1.2 ಮೀಟರ್ ಎತ್ತರದ, ಹಸಿರು ಲಂಗದ ಹುಡುಗಿಯೊಬ್ಬಳು ಕಂಬಗಳ ಹಿಂದಿನಿಂದ ಎಡದಿಂದ ಬಲಕ್ಕೆ ನಡೆದುಬಂದು ಗಕ್ಕನೆ ನಿಲ್ಲಬೇಕು. ಅವಳನ್ನು ಕ್ರಿಟಾದಂಥ ಚಿತ್ರ ಬರೆಯುವ ತಂತ್ರಾಂಶದಲ್ಲಿ ಕೈಯಲ್ಲೇ ಬರೆದದ್ದು. ದೃಶ್ಯದ ಉದ್ದ ಐದು ಸೆಕೆಂಡ್, ಅಂದರೆ 120 ಫ್ರೇಮು. ಒಂದೊಂದು ಚಿತ್ರವನ್ನೂ ಎರಡೆರಡು ಫ್ರೇಮು ನಿಲ್ಲಿಸುವುದು ಕೈಬರಹದ ಅನಿಮೇಷನ್‌ನ ಹಳೆಯ ರೂಢಿ. ಆ ಲೆಕ್ಕದಲ್ಲಿ 60 ಚಿತ್ರ ಸಾಕು.

ಹಿನ್ನೆಲೆ ಖಾಲಿ ಬಿಟ್ಟು ಉಳಿಸಿಕೊಂಡ ಆ 60 ಪಿಎನ್‌ಜಿ ಚಿತ್ರಗಳನ್ನು ಬ್ಲೆಂಡರ್ ಒಂದು ಚಪ್ಪಟೆ ಹಲಗೆಯ ಮೇಲೆ ಸರಣಿಯಾಗಿ ಅಂಟಿಸಿಕೊಡುತ್ತದೆ. ಹಲಗೆಯನ್ನು ಸರಿಯಾದ ಅಳತೆಗೆ ತಂದು ಜಗಲಿಯ ನೆಲಕ್ಕೆ ಪಾದ ತಾಗುವಂತೆ ನಿಲ್ಲಿಸಿದರೆ ಅರ್ಧ ಕೆಲಸ ಮುಗಿದಂತೆ ಕಾಣುತ್ತದೆ. ರೆಂಡರ್ ಒತ್ತಿದಾಗ ಬಂಡವಾಳ ಬಯಲಾಗುತ್ತದೆ. ಪಾರದರ್ಶಕ ಭಾಗದ ಸೆಟ್ಟಿಂಗ್ ತಪ್ಪಿದ್ದರೆ ಹುಡುಗಿಯ ನೆರಳಿನ ಬದಲು ಬಾಗಿಲಿನಂಥ ಚೌಕದ ನೆರಳು ಬೀಳುತ್ತದೆ. ಅದನ್ನು ಸರಿಪಡಿಸುವುದು ಸುಲಭ: ಚಿತ್ರದ ಪಾರದರ್ಶಕತೆಯನ್ನು ಹಲಗೆಯ ಮೆಟೀರಿಯಲ್ಲಿಗೆ ಜೋಡಿಸಿದರಾಯಿತು. ಅದರ ಹಿಂದೆ ಅಡಗಿರುವ ತೊಂದರೆ ಅಷ್ಟು ಸುಲಭದ್ದಲ್ಲ.

ಹಲಗೆ ಕ್ಯಾಮೆರಾಕ್ಕೆ ಮುಖ ಮಾಡಿ ನಿಂತಿದೆ, ಸೂರ್ಯ ಪಕ್ಕದಲ್ಲಿದ್ದಾನೆ. ಹಲಗೆ ನೋಡುತ್ತಿರುವ ದಿಕ್ಕಿನಿಂದ ಸೂರ್ಯ 70 ಡಿಗ್ರಿ ಎಡಕ್ಕೆ ಸರಿದಿದ್ದಾನೆ ಎಂದಿಟ್ಟುಕೊಂಡರೆ, ಅವನ ಕಣ್ಣಿಗೆ ಬೀಳುವುದು ಹಲಗೆಯ ಅಗಲದ ಮೂರನೇ ಒಂದು ಭಾಗ ಮಾತ್ರ. ಹಾಗಾಗಿ ನೆಲದ ಮೇಲೆ ಬೀಳುವ ನೆರಳೂ ಮೂರನೇ ಒಂದು ಅಗಲದ್ದು, ಉಪವಾಸ ಬಿದ್ದವರಂತೆ ಸೊರಗಿದ್ದು. ಸೂರ್ಯ ಪೂರ್ತಿ ಪಕ್ಕಕ್ಕೆ ಬಂದುಬಿಟ್ಟರೆ ಉಳಿಯುವುದು ಒಂದು ಗೆರೆ. ಉದ್ದದ ವಿಷಯದಲ್ಲಿ ಮಾತ್ರ ಬ್ಲೆಂಡರ್ ಮೋಸ ಮಾಡುವುದಿಲ್ಲ. 30 ಡಿಗ್ರಿ ಬಿಸಿಲಿಗೆ 1.2 ಮೀಟರ್ ಹುಡುಗಿಯ ನೆರಳು ಎರಡು ಮೀಟರಿಗಿಂತ ಚೂರು ಹೆಚ್ಚು ಉದ್ದ ಬರಬೇಕು, ಬರುತ್ತದೆ. ಗೋಡೆ ಹತ್ತಿರವಿದ್ದರೆ ನೆರಳು ಮಡಚಿಕೊಂಡು ಗೋಡೆ ಹತ್ತುತ್ತದೆ, ಅದಕ್ಕೆ ಯಾರೂ ಬೆರಳು ಅಲ್ಲಾಡಿಸಬೇಕಿಲ್ಲ. ಹಿನ್ನೆಲೆಯನ್ನು ಮೂರು ಆಯಾಮದಲ್ಲಿ ಕಟ್ಟಿದ್ದರ ಲಾಭವೇ ಇದು. ಅಗಲವೊಂದನ್ನು ನಾವು ಹೊಂದಿಸಿಕೊಳ್ಳಬೇಕು.

ಹುಡುಗಿ ನಿಂತ ಮೇಲಿನ ಫ್ರೇಮುಗಳಿಗೆ ಒಂದು ಸರಳ ಉಪಾಯವಿದೆ. ಅದೇ ಚಿತ್ರ ಅಂಟಿಸಿದ ಇನ್ನೊಂದು ಹಲಗೆಯನ್ನು ಅದೇ ಜಾಗದಲ್ಲಿಟ್ಟು, ಪಾದದ ನಡುವಿನ ನೆಟ್ಟ ರೇಖೆಯ ಸುತ್ತ ಸೂರ್ಯನತ್ತ ತಿರುಗಿಸುವುದು. ಬ್ಲೆಂಡರ್‌ನ ಸೈಕಲ್ಸ್ ರೆಂಡರಿನಲ್ಲಿ ಪ್ರತಿ ವಸ್ತುವಿಗೂ `Ray Visibility` ಎಂಬ ಪಟ್ಟಿ ಇರುತ್ತದೆ. ಎರಡನೇ ಹಲಗೆಗೆ ಅದರಲ್ಲಿ `Shadow` ಒಂದನ್ನು ಬಿಟ್ಟು ಮಿಕ್ಕ ಟಿಕ್‌ಗಳನ್ನೆಲ್ಲ ತೆಗೆಯಬೇಕು, ಮೊದಲ ಹಲಗೆಯಲ್ಲಿ `Shadow` ಒಂದನ್ನೇ ತೆಗೆಯಬೇಕು. ಆಗ ಒಂದು ಹಲಗೆ ಕಾಣುತ್ತದೆ ಆದರೆ ನೆರಳು ಬೀಳಿಸುವುದಿಲ್ಲ, ಇನ್ನೊಂದು ನೆರಳು ಬೀಳಿಸುತ್ತದೆ ಆದರೆ ಕಾಣುವುದಿಲ್ಲ. ಪೂರ್ತಿ 70 ಡಿಗ್ರಿ ತಿರುಗಿಸುವುದೂ ಬೇಡ. ಅರ್ಧ, ಅಂದರೆ 35 ಡಿಗ್ರಿ ತಿರುಗಿಸಿದರೂ ನೆರಳಿಗೆ ಐದರಲ್ಲಿ ನಾಲ್ಕು ಪಾಲು ಅಗಲ ಬಂದುಬಿಡುತ್ತದೆ.

ಕೆಲವರು ಹಲಗೆ ಸದಾ ಕ್ಯಾಮೆರಾದತ್ತಲೇ ತಿರುಗಿರಲಿ ಎಂದು ಅದನ್ನು ಕ್ಯಾಮೆರಾಕ್ಕೆ ಕಟ್ಟಿಹಾಕುತ್ತಾರೆ. ಕಾಣುವ ಹಲಗೆಗೆ ಅದು ಸರಿ. ನೆರಳಿನ ಹಲಗೆಗೂ ಅದನ್ನೇ ಮಾಡಿದರೆ, ಕ್ಯಾಮೆರಾ ಸರಿದಂತೆಲ್ಲ ಸೂರ್ಯ ನಿಂತಲ್ಲೇ ನಿಂತಿದ್ದರೂ ಹುಡುಗಿಯ ನೆರಳು ದಪ್ಪಗೂ ಸಣ್ಣಗೂ ಆಗುತ್ತ ಹೋಗುತ್ತದೆ. ನೆರಳು ಕಟ್ಟಬೇಕಾದದ್ದು ಸೂರ್ಯನಿಗೆ.

ನಡೆಯುವಾಗ ಈ ಉಪಾಯ ಕೈಕೊಡುತ್ತದೆ. ಹೆಜ್ಜೆ ಹಾಕುವಾಗ ಮುಂದಿನ ಪಾದ ದೇಹದ ನಡುವಿನಿಂದ ಕಾಲು ಮೀಟರಿನಷ್ಟು ಮುಂದಿರುತ್ತದೆ. ಹಲಗೆಯನ್ನು 35 ಡಿಗ್ರಿ ತಿರುಗಿಸಿದಾಗ ಆ ಪಾದದ ನೆರಳು ನಿಜವಾದ ಪಾದದಿಂದ ಸುಮಾರು 15 ಸೆಂಟಿಮೀಟರ್ ಆಚೆ ಹೋಗಿ ಕೂರುತ್ತದೆ. ನೋಡುವವರಿಗೆ ಕಾರಣ ಹೊಳೆಯದು, ‘ಹುಡುಗಿ ತೇಲುತ್ತಿದ್ದಾಳೆ’ ಎಂದಷ್ಟೇ ಅನ್ನಿಸುತ್ತದೆ. ಪಾದ ಮತ್ತು ನೆರಳು ಸೇರುವ ಜಾಗವೇ ಈ ಇಡೀ ಕಣ್ಕಟ್ಟಿನ ಆಧಾರ. ಅಲ್ಲಿ ಒಂದು ಬೆರಳಿನಷ್ಟು ಬೆಳಕು ನುಸುಳಿದರೂ ಉಳಿದ ಶ್ರಮವೆಲ್ಲ ನೀರುಪಾಲು.

ಹಾಗಾಗಿ ನಡೆಯುವ ಫ್ರೇಮುಗಳಿಗೆ ಬೇಕಾಗುವುದು ಒಂದು ಗೊಂಬೆ. ಚೆಂದದ್ದೇನೂ ಬೇಡ. ತಲೆಗೆ ಒಂದು ಗುಂಡು, ಲಂಗಕ್ಕೆ ಒಂದು ಶಂಕು, ಕೈಕಾಲುಗಳಿಗೆ ಕೊಳವೆಗಳು, ಎಲ್ಲಕ್ಕೂ ಬಿಳಿ ಬಣ್ಣ. ಇದನ್ನು ಹಲಗೆಯ ಜಾಗದಲ್ಲೇ ಇಟ್ಟು, ಚಿತ್ರದ ಪ್ರತಿ ಭಂಗಿಗೂ ಕೈಕಾಲು ಹೊಂದಿಸಬೇಕು. ಮನೆಯನ್ನು ರೆಂಡರ್ ಮಾಡುವ ಪದರದಲ್ಲಿ ಗೊಂಬೆಯ ಗುಂಪನ್ನು `Indirect Only` ಎಂದು ಗುರುತು ಮಾಡಿದರೆ ಗೊಂಬೆ ಕಾಣುವುದಿಲ್ಲ, ಅದರ ನೆರಳು ಮಾತ್ರ ಜಗಲಿಯ ಮೇಲೆ ಉಳಿಯುತ್ತದೆ. ಈಗ ಸೂರ್ಯನಿಗೆ ನಿಜಕ್ಕೂ ಒಂದು ಮೈ ಸಿಕ್ಕಿತು. ಒಂದು ಎಚ್ಚರಿಕೆ: ಚಿತ್ರ ಎರಡೆರಡು ಫ್ರೇಮು ನಿಂತು ಬದಲಾಗುತ್ತದೆ, ಗೊಂಬೆಯಾದರೋ ಕಂಪ್ಯೂಟರಿನ ಸ್ವಭಾವದಂತೆ ಪ್ರತಿ ಫ್ರೇಮಿಗೂ ನಯವಾಗಿ ಜಾರುತ್ತದೆ. ಹಾಗೆ ಬಿಟ್ಟರೆ ಕಾಲಿಗಿಂತ ನೆರಳು ಅರ್ಧ ಹೆಜ್ಜೆ ಮುಂದೆ ಓಡಿ ಮತ್ತೆ ಕಾದು ನಿಲ್ಲುತ್ತದೆ. ಗೊಂಬೆಯ ಕೀಫ್ರೇಮುಗಳನ್ನೂ ಹಲಗೆಯ ಚಲನೆಯನ್ನೂ `Constant` ಮಾಡಿ, ಅವೂ ಎರಡೆರಡು ಫ್ರೇಮಿಗೆ ಒಮ್ಮೆ ಜಿಗಿಯುವಂತೆ ಮಾಡಬೇಕು.

ಇಷ್ಟಾದರೆ ನೆಲದ ನೆರಳಿನ ಪಂಚಾಯಿತಿ ಮುಗಿಯಿತು. ಇನ್ನು ಹುಡುಗಿಯ ಮೈಮೇಲಿನ ಬೆಳಕು.

ಮೊದಲು ಹೊಳೆಯುವ ದಾರಿ ಎರಡು, ಎರಡೂ ಅಷ್ಟಕ್ಕಷ್ಟೆ. ಹಲಗೆಗೆ ತಾನೇ ಬೆಳಗುವ ಎಮಿಷನ್ ಮೆಟೀರಿಯಲ್ ಕೊಟ್ಟರೆ ಬರೆದ ಬಣ್ಣ ಬರೆದಂತೆಯೇ ಇರುತ್ತದೆ. ಆದರೆ ಕಂಬದ ನೆರಳಿನೊಳಕ್ಕೆ ಹೋದರೂ ಹುಡುಗಿ ಟ್ಯೂಬ್‌ಲೈಟಿನಂತೆ ಹೊಳೆಯುತ್ತಲೇ ಇರುತ್ತಾಳೆ. ಬೆಳಕು ಹೀರುವ ಸಾಮಾನ್ಯ ಮೆಟೀರಿಯಲ್ ಕೊಟ್ಟರೆ, ಓರೆಯಾಗಿ ಬೀಳುವ ಬಿಸಿಲು ಹಲಗೆಯನ್ನು ಸವರಿಕೊಂಡು ಹೋಗುತ್ತದೆ. ನಮ್ಮ ದೃಶ್ಯದಲ್ಲಿ ಅದಕ್ಕೆ ದಕ್ಕುವುದು ನೇರ ಬಿಸಿಲಿನ ಸುಮಾರು 30 ಪ್ರತಿಶತ. ಕೆನ್ನೆ, ಲಂಗ, ಜಡೆ ಎಲ್ಲವೂ ಒಂದೇ ಸಮನೆ ಮಂಕು.

ಇದಕ್ಕೆ ಉತ್ತರ ಸಿನಿಮಾದವರಿಗೆ ಮೊದಲೇ ಗೊತ್ತಿತ್ತು. 1988ರ ‘ಹೂ ಫ್ರೇಮ್ಡ್ ರೋಜರ್ ರ‍್ಯಾಬಿಟ್’ನಲ್ಲಿ ಬರೆದ ಮೊಲವೊಂದು ನಿಜವಾದ ನಟರ ನಡುವೆ ಓಡಾಡುತ್ತದೆ. ಒಂದು ಕಡೆ ನಟನ ತಲೆ ತೂಗುದೀಪಕ್ಕೆ ತಾಗುತ್ತದೆ, ದೀಪ ಅಲ್ಲಾಡಿ ಕೋಣೆಯ ನೆರಳುಗಳೆಲ್ಲ ಓಲಾಡುತ್ತವೆ, ಅವುಗಳ ಜತೆಗೆ ಮೊಲದ ಮೈಮೇಲಿನ ನೆರಳೂ ಓಲಾಡುತ್ತದೆ. ಕಂಪ್ಯೂಟರಿನ ನೆರವಿಲ್ಲದ ಕಾಲ. ಪಾತ್ರದ ಬಣ್ಣದ ಚಿತ್ರ ಬೇರೆ, ಎಲ್ಲಿ ನೆರಳು ಎಲ್ಲಿ ಬೆಳಕು ಎಂದು ತೋರಿಸುವ ಕಪ್ಪುಬಿಳುಪಿನ ಚಿತ್ರಗಳು ಬೇರೆ. ಅವುಗಳನ್ನು ಫಿಲ್ಮಿನ ಮೇಲೆ ಒಂದರ ಮೇಲೊಂದು ಮುದ್ರಿಸಿ ಮೊಲಕ್ಕೆ ದುಂಡುತನ ತಂದರು.

ಬ್ಲೆಂಡರ್‌ನಲ್ಲೂ ಒಳ್ಳೆಯ ದಾರಿ ಅದೇ. ಹಲಗೆಗೆ ಎಮಿಷನ್ ಕೊಟ್ಟು ಬಣ್ಣವನ್ನು ಒಂದು ಪದರದಲ್ಲಿ ಶುದ್ಧವಾಗಿ ತೆಗೆದುಕೊಳ್ಳಬೇಕು. ಮುಂದಿನ ಕಂಬಗಳು ಅವಳನ್ನು ಮರೆಮಾಡಬೇಕಲ್ಲ, ಅದಕ್ಕೆ ಆ ಪದರದಲ್ಲಿ ಕಂಬಗಳಿಗೆ `Holdout` ಗುರುತು. ಬೆಳಕು ನೆರಳು ಬರುವುದು ಎರಡು ಬೇರೆ ಮೂಲಗಳಿಂದ. ಮೂಗಿನ ಪಕ್ಕದ, ಗಲ್ಲದ ಕೆಳಗಿನ, ಲಂಗದ ನೆರಿಗೆಯ ನೆರಳನ್ನು ಕಲಾವಿದರೇ ಬರೆಯಬೇಕು. ಬಿಳಿ ಗೊಂಬೆಗೆ ಮೂಗಿಲ್ಲ. 60 ಚಿತ್ರವಿದ್ದರೆ 60 ಕಪ್ಪುಬಿಳುಪು ಚಿತ್ರ, ತಪ್ಪಿಸಿಕೊಳ್ಳುವಂತಿಲ್ಲ. ಆದರೆ ಅವಳು ನಡೆದಂತೆ ಮೈಮೇಲೆ ಹಾದುಹೋಗುವ ಕಂಬದ ನೆರಳನ್ನು ಕೈಯಲ್ಲಿ ಬರೆಯುವುದು ವ್ಯರ್ಥ ಸಾಹಸ. ಅದು ಯಾವ ಫ್ರೇಮಿನಲ್ಲಿ ಭುಜಕ್ಕೆ ಬರುತ್ತದೆ, ಲಂಗದ ಮೇಲೆ ಹೇಗೆ ಬಾಗುತ್ತದೆ ಎಂಬುದು ಸೂರ್ಯನಿಗೆ ಗೊತ್ತು. ಗೊಂಬೆಯನ್ನು ಕಾಣುವಂತೆ ಬಿಟ್ಟು ಮೂರನೇ ಪದರವೊಂದನ್ನು ರೆಂಡರ್ ಮಾಡಿ, ಬಿಸಿಲು ಬಿದ್ದಲ್ಲಿ ಬಿಳಿ, ಬೀಳದಲ್ಲಿ ಕಪ್ಪು ಎಂದು ಎರಡೇ ಛಾಯೆಗೆ ಇಳಿಸಿಕೊಂಡರೆ ಕಂಬದ ನೆರಳು ತಾನಾಗಿ ಸಿಗುತ್ತದೆ. ಗೊಂಬೆ ಚಿತ್ರಕ್ಕಿಂತ ಒಂದು ಕೂದಲೆಳೆ ದಪ್ಪಗಿರಬೇಕು. ಇಲ್ಲದಿದ್ದರೆ ಅದು ಮುಚ್ಚದ ಅಂಚಿನಲ್ಲಿ ಹಿಂದಿನ ಗೋಡೆಯ ಬಿಳುಪು ಇಣುಕಿ, ನೆರಳಿನಲ್ಲಿ ನಿಂತ ಹುಡುಗಿಯ ಸುತ್ತ ಬೆಳ್ಳಗಿನ ಒಂದು ಗೆರೆ ಕಾಣಿಸಿಕೊಳ್ಳುತ್ತದೆ.

ಈಗ ಕೈಯಲ್ಲಿ ಎರಡು ನೆರಳು ಇವೆ: ಬರೆದದ್ದು ಒಂದು, ಗೊಂಬೆ ಕೊಟ್ಟದ್ದು ಒಂದು. ಬಹುತೇಕರು ಎರಡನ್ನೂ ಚಿತ್ರದ ಮೇಲೆ ಒಂದಾದ ಮೇಲೊಂದು ಗುಣಿಸಿಬಿಡುತ್ತಾರೆ. ಆಗ ಹುಡುಗಿ ಕಂಬದ ನೆರಳನ್ನು ಹೊಕ್ಕ ಕ್ಷಣ ಗಲ್ಲದ ಕೆಳಗೆ ಮಸಿ ಬಳಿದಂತೆ ಕಪ್ಪು ಕಲೆಯೊಂದು ಮೂಡುತ್ತದೆ. ಯೋಚಿಸಿ ನೋಡಿದರೆ ಕಾರಣ ಸರಳ. ಗಲ್ಲದ ಕೆಳಗೆ ನೆರಳಿರುವುದು ಅಲ್ಲಿಗೆ ಬಿಸಿಲು ತಲುಪದ ಕಾರಣ. ಕಂಬ ಅದೇ ಬಿಸಿಲನ್ನು ಮೊದಲೇ ತಡೆದಿದೆ. ಇಲ್ಲದ ಬಿಸಿಲನ್ನು ಎರಡನೇ ಸಲ ಕಳೆಯಲಾಗದು. ಆದ್ದರಿಂದ ಕಾಂಪೊಸಿಟರ್‌ನಲ್ಲಿ ಎರಡೂ ಚಿತ್ರಗಳನ್ನು ಮೊದಲು `Darken` ವಿಧಾನದಲ್ಲಿ ಬೆರೆಸಬೇಕು. ಪ್ರತಿ ಬಿಂದುವಿನಲ್ಲೂ ಎರಡರಲ್ಲಿ ಯಾವುದು ಕಪ್ಪೋ ಅದಷ್ಟೇ ಉಳಿಯುತ್ತದೆ. ಹಾಗೆ ಸಿಕ್ಕ ಒಂದೇ ನೆರಳಿನ ಚಿತ್ರವನ್ನು ಬಣ್ಣದ ಮೇಲೆ ಒಂದೇ ಸಲ ಹಾಕಬೇಕು.

ಎಷ್ಟು ಕಪ್ಪು? ಇಲ್ಲಿ ಕಣ್ಣಂದಾಜಿಗಿಂತ ಅಳತೆಯೇ ಲೇಸು, ಮತ್ತು ಅಳತೆ ಪುಕ್ಕಟೆ ಸಿಗುತ್ತದೆ. ನೆರಳೆಂದರೆ ಕಪ್ಪಲ್ಲ. ಬಿಸಿಲು ತಪ್ಪಿದ ಜಾಗಕ್ಕೂ ಆಕಾಶದ ನೀಲಿ ಬೆಳಕು ಬರುತ್ತಿರುತ್ತದೆ. ರೆಂಡರ್ ಆದ ಮನೆಯ ಚಿತ್ರದಲ್ಲಿ ಒಂದು ಬಿಂದುವನ್ನು ಆರಿಸಿ ಅದರ ಕೆಂಪು, ಹಸಿರು, ನೀಲಿ ಸಂಖ್ಯೆಗಳನ್ನು ಓದಬಹುದು. ಕಂಬದ ಬಿಸಿಲಿನ ಮಗ್ಗುಲಲ್ಲಿ ಅವು 0.48, 0.36, 0.24 ಇವೆ, ನೆರಳಿನ ಮಗ್ಗುಲಲ್ಲಿ ಮೂರೂ 0.12 ಇವೆ ಎಂದಿಟ್ಟುಕೊಳ್ಳಿ. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿದರೆ 0.25, 0.33, 0.50 ಬರುತ್ತದೆ. ಭಾಗಿಸಿದಾಗ ಕಲ್ಲಿನ ಸ್ವಂತ ಬಣ್ಣ ಹಾರಿಹೋಗಿ, ಈ ಜಗಲಿಯಲ್ಲಿ ನೆರಳು ಏನು ಮಾಡುತ್ತದೆ ಎಂಬುದಷ್ಟೇ ಉಳಿಯಿತು: ಕೆಂಪನ್ನು ಕಾಲು ಭಾಗಕ್ಕೆ, ಹಸಿರನ್ನು ಮೂರನೇ ಒಂದಕ್ಕೆ, ನೀಲಿಯನ್ನು ಅರ್ಧಕ್ಕೆ ಇಳಿಸುತ್ತದೆ. ಹುಡುಗಿಯ ಚಿತ್ರದ ನೆರಳಿನ ಭಾಗವನ್ನು ಇವೇ ಮೂರು ಸಂಖ್ಯೆಗಳಿಂದ ಗುಣಿಸಿದರೆ ಅವಳ ಕೆನ್ನೆಯ ನೆರಳೂ ಕಂಬದ ನೆರಳೂ ಒಂದೇ ಸಂಜೆಗೆ ಸೇರಿದಂತೆ ಕಾಣುತ್ತವೆ. 0.72, 0.45, 0.30 ಇದ್ದ ಬಿಸಿಲಿನ ಕೆನ್ನೆ ನೆರಳಿನಲ್ಲಿ 0.18, 0.15, 0.15 ಆಗುತ್ತದೆ. ಒಂಟಿಯಾಗಿ ನೋಡಿದರೆ ಅದು ಕೆನ್ನೆಯ ಬಣ್ಣವೆಂದು ಯಾರೂ ಹೇಳಲಾರರು, ಬೂದಿ ಬೂದಿ. ಜಗಲಿಯ ಮೇಲಿಟ್ಟು ನೋಡಿದರೆ ಸರಿಯಾಗಿ ಒಪ್ಪುತ್ತದೆ.

ಅಳೆಯುವ ಜಾಗ ಮುಖ್ಯ. ಎಲ್ಲರ ಕೈಯೂ ಮೊದಲು ನೆಲದತ್ತ ಹೋಗುತ್ತದೆ, ಬಿಸಿಲು ನೆರಳಿನ ಗೆರೆ ಅಲ್ಲಿ ಎದ್ದು ಕಾಣುವುದರಿಂದ. ಆದರೆ 30 ಡಿಗ್ರಿಯ ಸಂಜೆ ಬಿಸಿಲು ನೆಲವನ್ನು ಓರೆಯಾಗಿ ಮುಟ್ಟುತ್ತದೆ, ಅದರ ಅರ್ಧ ಬಲವಷ್ಟೇ ಅಲ್ಲಿ ಸಿಗುತ್ತದೆ. ನೆಟ್ಟಗೆ ನಿಂತ ಹುಡುಗಿಯ ಮೈಗೆ ಅದು ಹೆಚ್ಚು ಕಡಿಮೆ ಎದುರಿನಿಂದ ತಾಗುತ್ತದೆ. ನೆಲದ ಲೆಕ್ಕ ಹಿಡಿದರೆ ಅವಳ ಮೇಲಿನ ನೆರಳು ತಿಳಿಯಾಗಿಬಿಡುತ್ತದೆ. ಅವಳಂತೆಯೇ ನೆಟ್ಟಗೆ ನಿಂತ ಕಂಬವೇ ಸರಿಯಾದ ಸಾಕ್ಷಿ.

ಬಣ್ಣದ ಇನ್ನೊಂದು ಗೋಜಲು ಬ್ಲೆಂಡರ್‌ನ ಒಳಗೇ ಇದೆ. 4.0 ಆವೃತ್ತಿಯಿಂದ ಅದು `AgX` ಎಂಬ ಪರಿವರ್ತನೆಯನ್ನು ತಾನಾಗಿಯೇ ಹಾಕುತ್ತದೆ. ಕಣ್ಣು ಕೋರೈಸುವ ಬೆಳಕನ್ನು ಪರದೆಯ ಮಿತಿಯೊಳಗೆ ಮೆತ್ತಗೆ ಇಳಿಸುವುದು ಅದರ ಕೆಲಸ, ಕಂಬ ಗೋಡೆಗಳಿಗೆ ಅದು ಚೆನ್ನಾಗಿಯೇ ಹೊಂದುತ್ತದೆ. ಬರೆದ ಚಿತ್ರದ ಮೇಲೂ ಅದು ಕೈಯಾಡಿಸಿದಾಗ ಕಣ್ಣಿನ ಬಿಳಿ ಬೂದಾಗುತ್ತದೆ, ಲಂಗದ ಹಸಿರು ಒಗೆದು ಒಗೆದು ಮಾಸಿದಂತಾಗುತ್ತದೆ. ಚಿತ್ರವನ್ನೂ ರೆಂಡರನ್ನೂ ಪಕ್ಕಪಕ್ಕ ಇಟ್ಟು ನೋಡದವರು ತಿಂಗಳುಗಟ್ಟಲೆ ಇದನ್ನು ಗಮನಿಸುವುದಿಲ್ಲ. `View Transform` ಅನ್ನು `Standard`ಗೆ ಬದಲಿಸಿ, ಗೋಡೆಯ ಬಿಸಿಲು ಸುಟ್ಟು ಬೆಳ್ಳಗಾಗದಂತೆ ಸೂರ್ಯನ ಬಲವನ್ನು ಅದಕ್ಕೆ ತಕ್ಕಂತೆ ಇಳಿಸುವುದು ಸುಲಭದ ದಾರಿ. ಇದನ್ನು ಕೊನೆಗೆ ಮಾಡುವುದಕ್ಕಿಂತ ಮನೆಗೆ ಬೆಳಕು ಹಾಕುವ ಮೊದಲೇ ಮಾಡುವುದು ಜಾಣತನ.

ಬ್ಲೆಂಡರ್‌ನೊಳಗೇ ಚಿತ್ರ ಬರೆಯುವ ಗ್ರೀಸ್ ಪೆನ್ಸಿಲ್ ಇರುವಾಗ ಹಲಗೆಯ ಗೊಡವೆ ಏಕೆ ಎಂದು ಯಾರಾದರೂ ಕೇಳಬಹುದು. ಗ್ರೀಸ್ ಪೆನ್ಸಿಲ್‌ನಲ್ಲಿ ಬರೆದದ್ದು ಮೂರು ಆಯಾಮದ ಜಾಗದಲ್ಲೇ ಕೂರುತ್ತದೆ, ದೀಪದ ಬೆಳಕನ್ನೂ ಪಡೆಯುತ್ತದೆ. ಆದರೆ ಆ ಗೆರೆಗಳು ನೆರಳು ಬೀಳಿಸುವುದಿಲ್ಲ. ಅಲ್ಲೂ ನೆಲದ ನೆರಳಿಗೆ ಗೊಂಬೆಯೇ ಗತಿ. ಫ್ರಾನ್ಸಿನ ಜೆರೆಮಿ ಕ್ಲಾಪಾಂ 2019ರಲ್ಲಿ ತಂದ ‘ಐ ಲಾಸ್ಟ್ ಮೈ ಬಾಡಿ’ ಚಿತ್ರದಲ್ಲಿ ಇಡೀ ಕ್ರಮವನ್ನೇ ತಿರುಗುಮುರುಗು ಮಾಡಿದರು. ಪಾತ್ರಗಳನ್ನು ಮೊದಲು ಬ್ಲೆಂಡರ್‌ನಲ್ಲಿ ಮೂರು ಆಯಾಮದಲ್ಲಿ ಕಟ್ಟಿ ನಡೆಸಿ, ಆಮೇಲೆ ಅವುಗಳ ಮೇಲೆ ಗ್ರೀಸ್ ಪೆನ್ಸಿಲ್‌ನಿಂದ ಗೆರೆ ಎಳೆದರು. ಕಾನ್ ಚಿತ್ರೋತ್ಸವದ ಕ್ರಿಟಿಕ್ಸ್ ವೀಕ್ ವಿಭಾಗದಲ್ಲಿ ಅದಕ್ಕೆ ಮೊದಲ ಬಹುಮಾನ ಬಂತು, ಆಸ್ಕರ್‌ಗೂ ನಾಮನಿರ್ದೇಶನವಾಯಿತು. ಅಲ್ಲಿ ಗೊಂಬೆಯೇ ನಟ, ಚಿತ್ರ ಅದರ ಮೇಲಿನ ಚರ್ಮ.

ಹಲಗೆಯ ದಾರಿ ಹಿಡಿದವರಿಗೆ ಕ್ಯಾಮೆರಾವೇ ಎಲ್ಲೆ. ಅದು ನಿಂತಲ್ಲೇ ನಿಂತಿದ್ದರೆ ಏನೂ ತೊಂದರೆಯಿಲ್ಲ, ನಿಧಾನವಾಗಿ ಪಕ್ಕಕ್ಕೆ ಸರಿದರೂ ನಡೆಯುತ್ತದೆ. ಹುಡುಗಿಯ ಸುತ್ತ ಒಂದು ಸುತ್ತು ಬರಲಿ ಎಂದು ನಿರ್ದೇಶಕರು ಕೇಳಿದರೆ ಕಂಬ, ಗೋಡೆ, ನೆರಳುಗಳೆಲ್ಲ ಪ್ರತಿ ಫ್ರೇಮಿಗೂ ತಿರುಗುತ್ತವೆ. ಎರಡೆರಡು ಫ್ರೇಮು ನಿಲ್ಲುವ ಹುಡುಗಿ ಅವುಗಳ ನಡುವೆ ತಡವರಿಸುವುದು ಆಗ ಕಣ್ಣಿಗೆ ರಾಚುತ್ತದೆ. ಆ ಐದು ಸೆಕೆಂಡಿಗೆ 60 ಹೋಗಿ 120 ಬಣ್ಣದ ಚಿತ್ರ ಬೇಕು, ಒಂದೊಂದೂ ಹೊಸ ಕೋನದಿಂದ ಬರೆದದ್ದು. ಜತೆಗೆ ಅಷ್ಟೇ ನೆರಳಿನ ಚಿತ್ರಗಳು. ಅಂಥ ಕಡೆ ಅನುಭವವಿರುವ ತಂಡಗಳು ಸಾಮಾನ್ಯವಾಗಿ ಕ್ಯಾಮೆರಾವನ್ನು ನಿಲ್ಲಿಸಿಬಿಡುತ್ತವೆ.